ಸಮಪಾಲಿನ ಪ್ರಶ್ನೆ: split ಆಜ್ಞೆಯ ಒಂದು ಆಯ್ಕೆಯ ಮರುಓದು

ಯೂನಿಕ್ಸ್‌ನ `split` ಆಜ್ಞೆಗೆ ಮೊದಲಿನಿಂದಲೂ ಸಾಲೇ ಅಳತೆ. 1973ರ ಮೂರನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡ ಈ ಆಜ್ಞೆ, ಬೇರೇನೂ ಹೇಳದಿದ್ದರೆ ಇಂದಿಗೂ 1000 ಸಾಲಿಗೊಂದು ತುಂಡು ಮಾಡಿ `xaa`, `xab` ಎಂದು ಹೆಸರಿಡುತ್ತದೆ. ಗೊಂದಲ ಹುಟ್ಟಿದ್ದು ಬಹಳ ತಡವಾಗಿ. 2010ರ ಕೊನೆಯಲ್ಲಿ ಗ್ನೂ ಕೋರ್‌ಯುಟಿಲ್ಸ್ 8.8ರೊಂದಿಗೆ `-n` ಎಂಬ ಆಯ್ಕೆ ಸೇರಿತು. ಅಂದಿನಿಂದ `-n l/4` ಎಂದರೆ ಕಡತವನ್ನು ಸಮಸಂಖ್ಯೆಯ ಸಾಲುಗಳಿರುವ ನಾಲ್ಕು ಪಾಲು ಮಾಡುವುದು ಎಂಬ ವಿವರಣೆ ಪಾಠದ ಟಿಪ್ಪಣಿಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಆ ವಿವರಣೆ ತಪ್ಪು.

ತಪ್ಪಿಗೆ ಒಂದು ಹಳೆಯ ಬೇರು ಇದ್ದಂತಿದೆ. 1979ರ ಏಳನೆಯ ಆವೃತ್ತಿಯ ಕೈಪಿಡಿಯಲ್ಲೂ `-n` ಎಂಬ ಬರಹವಿದೆ. ಆದರೆ ಅಲ್ಲಿ ಅದು ಟೈಪ್ ಮಾಡಬೇಕಾದ ಅಕ್ಷರವಲ್ಲ, ಒಂದು ಸಂಖ್ಯೆ ಕೂರಬೇಕಾದ ಜಾಗ. `split -500` ಎಂದರೆ ಐನೂರು ಸಾಲಿನ ತುಂಡುಗಳು. ಹೊಸ `-n` ಹೇಳುವುದು ಎಷ್ಟು ತುಂಡು ಬೇಕೆಂಬುದನ್ನು. ಒಂದು ಕಾಲದ `n` ಸಾಲಿನ ಲೆಕ್ಕ, ಇನ್ನೊಂದು ಕಾಲದ `n` ಪಾಲಿನ ಲೆಕ್ಕ. ಎರಡನ್ನೂ ಒಂದೇ ಎಂದು ಓದಿದವರಿಗೆ ಪಕ್ಕದ `l` ಸಾಲಿನ ಎಣಿಕೆಯೆಂದೇ ಕಂಡರೆ ಆಶ್ಚರ್ಯವಿಲ್ಲ. ಕೈಪಿಡಿ ಆ ಅಕ್ಷರಕ್ಕೆ ಕೊಡುವ ಅರ್ಥ ಇಷ್ಟೇ: ಸಾಲನ್ನು ನಡುವೆ ಕತ್ತರಿಸಬಾರದು.

ವಾದಕ್ಕಿಂತ ಪ್ರಯೋಗವೇ ಇಲ್ಲಿ ಗಟ್ಟಿ ಸಾಕ್ಷಿ.

```
seq 100000 > f
split -n l/4 f p.
wc -l p.*
```

ಒಂದರಿಂದ ಒಂದು ಲಕ್ಷದವರೆಗಿನ ಸಂಖ್ಯೆಗಳು, ಸಾಲಿಗೊಂದರಂತೆ. ನಾಲ್ಕು ಪಾಲಿಗೂ 25,000 ಸಾಲು ಬರಬೇಕಿತ್ತು. ಬರುವುದು ಮೊದಲ ಪಾಲಿಗೆ 26,389, ಉಳಿದ ಮೂರಕ್ಕೆ ತಲಾ 24,537. ಕಾರಣ ಕಡತದ ಒಳಗೇ ಇದೆ. ಅದರ ಗಾತ್ರ 5,88,895 ಬೈಟ್. ಆಜ್ಞೆ ಮೊದಲು ಈ ಬೈಟುಗಳನ್ನು ನಾಲ್ಕಾಗಿ ಹಂಚಿ, ಸುಮಾರು 1,47,223ನೆಯ ಬೈಟಿನ ಬಳಿ ಗಡಿ ಹಾಕುತ್ತದೆ. ಗಡಿಗೆ ಅಡ್ಡಬಿದ್ದ ಸಾಲು ತಾನು ಎಲ್ಲಿ ಶುರುವಾಯಿತೋ ಆ ಪಾಲಿಗೇ ಸೇರುತ್ತದೆ. ಆರಂಭದ 9,999 ಸಾಲುಗಳು ಗಿಡ್ಡ. ಸಾಲು ಕೊನೆಯ ಗುರುತೂ ಸೇರಿ ಎರಡರಿಂದ ಐದು ಬೈಟ್ ಮಾತ್ರ. ಐದಂಕಿಯ ಸಂಖ್ಯೆಗಳಿಗೆ ಆರು ಬೈಟ್ ಬೇಕು. ಹಾಗಾಗಿ ಮೊದಲ ಪಾಲಿನಲ್ಲಿ ಹೆಚ್ಚು ಸಾಲು ಹಿಡಿಸುತ್ತವೆ.

ಕನ್ನಡ ಪಠ್ಯದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಯುಟಿಎಫ್-8ರಲ್ಲಿ ‘ಕ’ ಒಂದಕ್ಕೇ ಮೂರು ಬೈಟ್, ಇಂಗ್ಲಿಷ್ ಅಕ್ಷರಕ್ಕೆ ಒಂದು. ಮೊದಲರ್ಧ ಇಂಗ್ಲಿಷ್, ಉಳಿದರ್ಧ ಕನ್ನಡ ಇರುವ ಕಡತವನ್ನು ಹೀಗೆ ಒಡೆದರೆ ಕನ್ನಡದ ಪಾಲುಗಳಲ್ಲಿ ಸಾಲು ತೀರಾ ಕಡಿಮೆಯಾಗುತ್ತವೆ. ಒಂದೇ ಸಾಲು ಇಡೀ ಪಾಲಿಗಿಂತ ಉದ್ದವಾಗಿದ್ದರೆ ಮುಂದಿನ ಪಾಲು ಖಾಲಿ ಕಡತವಾಗಿಯೇ ಹೊರಬರಬಹುದು.

ಇದನ್ನು ದೋಷವೆಂದು ಕರೆಯುವುದು ಅನ್ಯಾಯ. ಬೈಟಿನ ಗಡಿಗೆ ನೇರವಾಗಿ ಜಿಗಿಯಬಹುದು. ಸಾಲೆಣಿಸಲು ಕಡತವನ್ನು ಮೊದಲಿನಿಂದ ಓದಲೇಬೇಕು. ಡೀನ್ ಮತ್ತು ಘೆಮಾವತ್ 2004ರಲ್ಲಿ ವಿವರಿಸಿದ ಮ್ಯಾಪ್‌ರೆಡ್ಯೂಸ್ ಕೂಡ ಒಳಬರುವ ದತ್ತಾಂಶವನ್ನು ಸಾಮಾನ್ಯವಾಗಿ 16ರಿಂದ 64 ಮೆಗಾಬೈಟಿನ ತುಂಡುಗಳಾಗಿಯೇ ಹಂಚುತ್ತಿತ್ತು. ಸಾಲೆಣಿಕೆಯ ಹಂಚಿಕೆಗೆ ಹಡೂಪ್‌ನಲ್ಲಿ `NLineInputFormat` ಎಂಬ ಬೇರೆಯದೇ ವ್ಯವಸ್ಥೆ ಇದೆ. ಪಾಲು ಗೊತ್ತುಮಾಡಲಿಕ್ಕೇ ಅದು ಕಡತವನ್ನು ಒಮ್ಮೆ ಓದಬೇಕು.

ಸಾಲಿನ ಲೆಕ್ಕದಲ್ಲೇ ಸಮಪಾಲು ಬೇಕಾದರೆ `-n r/4` ಇದೆ. ಅದು ಇಸ್ಪೀಟು ಹಂಚಿದಂತೆ ಒಂದೊಂದು ಸಾಲನ್ನು ಒಂದೊಂದು ಪಾಲಿಗೆ ಹಾಕುತ್ತದೆ. ಪಾಲುಗಳ ನಡುವೆ ಒಂದು ಸಾಲಿಗಿಂತ ಹೆಚ್ಚು ಅಂತರ ಬರದು, ಆದರೆ ಮೊದಲ ಪಾಲಿನಲ್ಲಿ 1, 5, 9 ಹೀಗೆ ಸಾಲುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಕ್ರಮ ಉಳಿಯಬೇಕಿದ್ದರೆ ಎಣಿಸಿಯೇ ಒಡೆಯಬೇಕು:

```
n=$(wc -l < f)
split -l $(( (n + 3) / 4 )) f q.
```

ಮೂರನ್ನು ಕೂಡಿಸುವುದು ಭಾಗಾಕಾರವನ್ನು ಮೇಲಕ್ಕೆ ಸರಿಹೊಂದಿಸಲು. ಅದಿಲ್ಲದಿದ್ದರೆ ಉಳಿದ ಒಂದೆರಡು ಸಾಲಿಗೆ ಐದನೆಯ ಕಡತ ಹುಟ್ಟುತ್ತದೆ. ಇಷ್ಟಾದರೂ ಒಂದು ಸಂದಿ ಉಳಿಯುತ್ತದೆ. `wc -l` ಎಣಿಸುವುದು ಸಾಲು ಕೊನೆಯ ಗುರುತುಗಳನ್ನು. ಮೇಲಿನ ಕಡತದ ತುದಿಗೆ, ಆ ಗುರುತಿಲ್ಲದ ಇನ್ನೊಂದು ಸಾಲು ಸೇರಿದರೆ ಲೆಕ್ಕ ಒಂದು ಲಕ್ಷದಲ್ಲೇ ನಿಲ್ಲುತ್ತದೆ; `split` ಮಾತ್ರ ಆ ಸಾಲನ್ನು `q.ae` ಎಂಬ ಐದನೆಯ ತುಂಡಿಗೆ ಬರೆಯುತ್ತದೆ. ಒಂಟಿ ಸಾಲಿನ ಕೊನೆಯ ಕಡತ ಕಂಡರೆ ಮೊದಲು ನೋಡಬೇಕಾದದ್ದು `tail -c 1 f` ಏನು ತೋರಿಸುತ್ತದೆ ಎಂಬುದನ್ನು.

ಹೆಸರಿನ ಎರಡಕ್ಷರದ ಬಾಲಕ್ಕೆ 676 ತುಂಡುಗಳ ಮಿತಿ ಇತ್ತು, ಸಾವಿರದ ಲೆಕ್ಕದಲ್ಲಿ 6,76,000 ಸಾಲು. ಇಂದಿನ ಗ್ನೂ ಆವೃತ್ತಿ `xyz` ಆದಮೇಲೆ `xza` ಬಿಟ್ಟು `xzaaa`ಗೆ ಹಾರುತ್ತದೆ. ಹೆಸರು ಉದ್ದವಾದರೂ ಅಕಾರಾದಿ ಕ್ರಮ ಕೆಡುವುದಿಲ್ಲ, `cat x*` ಎಂದರೆ ಮೂಲ ಕಡತ ಹಾಗೆಯೇ ಮರಳಿ ಬರುತ್ತದೆ.