ಬಡಗು ಮೋರೆಯ ತೋಟ: ಕಾಸರಗೋಡಿನ ಒಂದು ಗುಡ್ಡೆಯ ಇಳಿಜಾರು ಮತ್ತು ದಿಕ್ಕಿನ ಲೆಕ್ಕ

ನಾನು ಇವತ್ತು ಹೇಳಲಿಕ್ಕೆ ಹೊರಟದ್ದು ಒಂದು ಲೆಕ್ಕ ತಪ್ಪಿದ ಕತೆ, ಮತ್ತು ಅದನ್ನು ಒಂದು ಹಳೆಯ ಕನ್ನಡ ದಸ್ತಾವೇಜು ಹಿಡಿದುಕೊಟ್ಟ ಕತೆ.

ಕಾಸರಗೋಡಿನ ಉತ್ತರ ಭಾಗದ ಮುರಕಲ್ಲಿನ ಗುಡ್ಡೆಗಳ ನಡುವೆ ಹಳೆಯ ಅಡಿಕೆ ತೋಟಗಳು ಎಲ್ಲಿ ಉಂಟು, ಯಾಕೆ ಅಲ್ಲೇ ಉಂಟು ಎಂದು ಹುಡುಕುತ್ತಿದ್ದೆ. ಒಂದು ಮನೆಯ ಅಜ್ಜ ಹೇಳಿದರು: "ನಮ್ಮದು ಬಡಗು ಮೋರೆಯ ತೋಟ ಮಾರಾಯ. ಪಡು ಬಿಸಿಲು ತಾಗುವುದಿಲ್ಲ. ಹಿರಿಯರು ನೋಡಿಯೇ ಇಟ್ಟದ್ದು. ಈಗ ಮಕ್ಕಳು ತೋಡಿನ ಆಚೆ ಗುಡ್ಡೆಯಲ್ಲಿ ಸಸಿ ಇಟ್ಟಿದ್ದಾರೆ, ಮರದ ಕಾಂಡ ಬಿಸಿಲಿಗೆ ಒಡೆಯುತ್ತದೆ." ಈ ಮಾತನ್ನು ಚರಿತ್ರೆಯ ಆಧಾರವಾಗಿ ಬಳಸಬಹುದೋ, ಅಥವಾ ಹಿಂದಿನದೆಲ್ಲ ಚಂದ ಎನ್ನುವ ನೆನಪೋ? ಪರೀಕ್ಷಿಸಲು ನಾನು ಡಿಜಿಟಲ್ ಎಲಿವೇಶನ್ ಮಾಡೆಲ್ ತೆಗೆದುಕೊಂಡೆ. ನಾವು ಅದನ್ನು ಡೆಮ್ ಎನ್ನುತ್ತೇವೆ.

ಡೆಮ್ ಎಂದರೆ ನೆಲವನ್ನು ಚೌಕಗಳಾಗಿ ಹೆಚ್ಚಿ, ಒಂದೊಂದು ಚೌಕಕ್ಕೂ ಒಂದು ಎತ್ತರ ಬರೆದಿಟ್ಟ ಕೋಷ್ಟಕ. ನಾನು ಬಳಸಿದ್ದು ಎಸ್‌ಆರ್‌ಟಿಎಂ ದತ್ತಾಂಶ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನ ರಾಡಾರ್ ಹಾಯಿಸಿ ಅಳೆದದ್ದು ಅದು. ಚೌಕದ ಬದಿ ಸುಮಾರು 30 ಮೀಟರ್. ಅದು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ಬರುತ್ತದೆ, ಎತ್ತರ ಮಾತ್ರ ಮೀಟರಿನಲ್ಲಿ. ಹಾಗೆಯೇ ಲೆಕ್ಕಕ್ಕೆ ಹಾಕಿದರೆ ಗುಡ್ಡೆ, ಬೈಲು ಎಲ್ಲವೂ 90 ಡಿಗ್ರಿಯ ಹತ್ತಿರದ ಗೋಡೆಯಂತೆ ಕಾಣುತ್ತವೆ. ಆದ ಕಾರಣ ಮೊದಲು ಮೀಟರಿನ ನಕ್ಷೆಗೆ ತರಬೇಕು. ಕಾಸರಗೋಡು ಯುಟಿಎಂ 43ನೆಯ ವಲಯದಲ್ಲಿದೆ.

```
gdalwarp -t_srs EPSG:32643 -tr 30 30 -r bilinear dem.tif dem_utm.tif
gdaldem slope dem_utm.tif slope.tif
gdaldem aspect dem_utm.tif aspect.tif
```

ಎರಡನೆಯ ಸಾಲು ಇಳಿಜಾರು ಎಷ್ಟು ಎಂದು ಕೊಡುತ್ತದೆ. ಮೂರನೆಯದು ಆಸ್ಪೆಕ್ಟ್, ಅಂದರೆ ನೆಲ ಯಾವ ದಿಕ್ಕಿಗೆ ಮೋರೆ ಮಾಡಿ ಇಳಿಯುತ್ತದೆ ಎಂಬುದು. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270.

ಹಳೆಯ ತೋಟ ಆರು ಚೌಕಗಳಲ್ಲಿ ಕೂತಿತ್ತು. ಅವುಗಳ ದಿಕ್ಕು 352, 340, 8, 15, 348, 5. ನಾನು ಆರನ್ನೂ ಕೂಡಿಸಿ ಭಾಗಿಸಿದೆ. 1068 ಭಾಗ 6, ಬಂದದ್ದು 178. ಅಂದರೆ ನೇರ ದಕ್ಷಿಣ! ಅಜ್ಜನ ನೆನಪು ತಪ್ಪು ಎಂದು ಟಿಪ್ಪಣಿಯಲ್ಲಿ ಬರೆದೂ ಆಗಿತ್ತು.

ಆಮೇಲೆ ಆ ಮನೆಯವರು ತೋರಿಸಿದ ಹಳೆಯ ಕ್ರಯಪತ್ರ ಓದಿದೆ. ಈ ಊರು 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರುವ ಮೊದಲು ದಕ್ಷಿಣ ಕನ್ನಡ ಜಿಲ್ಲೆಯದು, ಪತ್ರವೂ ಕನ್ನಡದ್ದೇ. ಅಂಥ ಪತ್ರದಲ್ಲಿ ಇಳಿಜಾರು ಬರೆಯುವ ರೂಢಿ ಇಲ್ಲ. ಆದರೆ ಚಕ್ಕುಬಂದಿ ಇರುತ್ತದೆ. ಇದರಲ್ಲಿ ತೆಂಕಿಗೆ ಗುಡ್ಡೆ, ಬಡಗಿಗೆ ತೋಡು ಎಂದಿತ್ತು. ತೆಂಕು ಎತ್ತರ, ಬಡಗು ತಗ್ಗು ಆದ ಮೇಲೆ ನೆಲ ತೆಂಕಿಗೆ ಮೋರೆ ಮಾಡುವುದು ಹೇಗೆ? ನೀರು ಗುಡ್ಡೆ ಹತ್ತುತ್ತದೆಯೇ?

ತಪ್ಪು ನನ್ನ ಸರಾಸರಿಯಲ್ಲಿತ್ತು. ದಿಕ್ಕು ಗಡಿಯಾರದ ಮುಳ್ಳಿನ ಹಾಗೆ, ಸುತ್ತಿ ಬಂದು ಅದೇ ಜಾಗಕ್ಕೆ ನಿಲ್ಲುತ್ತದೆ. 352 ಮತ್ತು 8 ಎರಡೂ ಉತ್ತರದ ಅಕ್ಕಪಕ್ಕದವು, ಆದರೆ ಬರೀ ಅಂಕೆಯಾಗಿ ಕೂಡಿಸಿದರೆ ನಡುವೆ 180 ಬರುತ್ತದೆ. ಪ್ರತಿ ದಿಕ್ಕಿನ ಸೈನ್, ಕೊಸೈನ್ ಬೇರೆ ಬೇರೆ ಸರಾಸರಿ ಮಾಡಿ, ಆಮೇಲೆ ಆ ಎರಡರಿಂದ ಕೋನವನ್ನು ಮತ್ತೆ ಕಟ್ಟಬೇಕು. ಹಾಗೆ ಮಾಡಿದಾಗ ಬಂದದ್ದು 358, ಬಡಗು. ಈ ತಪ್ಪು ಉತ್ತರಕ್ಕೆ ಮೋರೆ ಮಾಡಿದ ತೋಟಗಳಿಗೇ ಹೆಚ್ಚು ತಾಗುತ್ತದೆ, ನಾನು ಹುಡುಕುತ್ತಿದ್ದದ್ದೂ ಅಂಥವನ್ನೇ.

ಇನ್ನು ತೋಡಿನ ಆಚೆಯ ಹೊಸ ತೋಟ. ಅದರ ನಡುವಿನ ಚೌಕ ಮತ್ತು ಸುತ್ತಲಿನ ಎಂಟರ ಎತ್ತರ ಮೀಟರಿನಲ್ಲಿ ಹೀಗಿದೆ. ಮೇಲಿನ ಸಾಲು ಉತ್ತರ.

```
92  98  104
84  90   97
77  82   89
```

1981ರಲ್ಲಿ ಹಾರ್ನ್ ಎಂಬವರು ಬರೆದ ವಿಧಾನವನ್ನೇ ಮೇಲಿನ ಆಜ್ಞೆ ಬಳಸುತ್ತದೆ. ಇದನ್ನು ಕೈಯಲ್ಲೇ ಮಾಡಬಹುದು. ಬಲಬದಿಯ ಮೂರನ್ನು, ನಡುವಿನದಕ್ಕೆ ಎರಡು ಪಟ್ಟು ತೂಕ ಕೊಟ್ಟು ಕೂಡಿಸಿ: 104+194+89, ಒಟ್ಟು 387. ಎಡಬದಿ ಹಾಗೆಯೇ 337. ವ್ಯತ್ಯಾಸ 50. ಅದನ್ನು 8×30, ಅಂದರೆ 240ರಿಂದ ಭಾಗಿಸಿದರೆ 0.208. ಪಶ್ಚಿಮಕ್ಕೆ ಹೋದರೆ ಮೀಟರಿಗೆ ಇಷ್ಟು ಇಳಿಯುತ್ತದೆ. ಮೇಲಿನ ಸಾಲು 392, ಕೆಳಗಿನದು 330, ವ್ಯತ್ಯಾಸ 62. ದಕ್ಷಿಣಕ್ಕೆ ಇಳಿತ 0.258. ಎರಡರ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ 0.332, ಅಂದರೆ ಸುಮಾರು 18 ಡಿಗ್ರಿ ಇಳಿಜಾರು. ದಿಕ್ಕು 219, ನೈಋತ್ಯ.

ಅಡಿಕೆ ಮರಕ್ಕೆ ಇದು ಕೆಟ್ಟ ದಿಕ್ಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದಿಂದ ಕಾಂಡಕ್ಕೆ ಬಡಿಯುತ್ತದೆ. ಅಲ್ಲಿ ಹಳದಿ ಕಲೆ ಬಿದ್ದು, ಕಂದಾಗಿ, ಸೀಳುತ್ತದೆ. ಕಡೆಗೆ ಗಾಳಿಗೆ ಮರ ಮುರಿಯುತ್ತದೆ. ಸಪಾಟು ನೆಲದಲ್ಲಿ ನೈಋತ್ಯದ ಮರದ ತಲೆ ಹಿಂದಿನದಕ್ಕೆ ನೆರಳಾಗುತ್ತದೆ. ಇಲ್ಲಿ 2.7 ಮೀಟರ್ ಅಂತರಕ್ಕೆ ಮುಂದಿನ ಮರ 0.9 ಮೀಟರ್ ಕೆಳಗಿದೆ, ನೆರಳೂ ಅಷ್ಟು ಕೆಳಗೆ ಜಾರುತ್ತದೆ. ಹಳೆಯ ತೋಟದಲ್ಲಿ ಇದರ ತಿರುಗು. ದಕ್ಷಿಣದ ಗುಡ್ಡೆಯೂ ಮೇಲಿನ ಸಾಲೂ ಕೆಳಗಿನ ಸಾಲನ್ನು ಕಾಯುತ್ತವೆ. ಅಜ್ಜನ ಮಾತು ಲೆಕ್ಕಕ್ಕೆ ಕೂತಿತು.

ಆದರೆ ಈ ಲೆಕ್ಕದ ಮಿತಿಯನ್ನೂ ಹೇಳಬೇಕು. ಒಂದು ಚೌಕ ಸುಮಾರು 22 ಸೆಂಟ್ಸ್, ಆ ಅಂತರದಲ್ಲಿ 120ಕ್ಕೂ ಹೆಚ್ಚು ಅಡಿಕೆ ಮರ ಹಿಡಿಯುವಷ್ಟು. ಒಂದು ಇಳಿಜಾರು ಬರಲು ಒಂಬತ್ತು ಚೌಕ, ಅಂದರೆ ಎರಡು ಎಕರೆ ಬೇಕು. ಒಂದೂವರೆ ಎಕರೆಯ ತೋಟದ ಅಂಕೆಯಲ್ಲಿ ನೆರೆಮನೆಯ ಗುಡ್ಡೆಯೂ ಸೇರಿರುತ್ತದೆ. ಎರಡು-ಮೂರು ಮೀಟರ್ ಅಗಲದ ತಟ್ಟುಗಳು ಇದರಲ್ಲಿ ಕಾಣುವುದೇ ಇಲ್ಲ. ರಾಡಾರ್ ಬರಿಯ ನೆಲವನ್ನಷ್ಟೇ ಅಲ್ಲ, ಮರಗಳ ತಲೆಯನ್ನೂ ಅಳೆಯುತ್ತದೆ. ಕಾಡು ಮುಗಿದು ಬೋಳು ಶುರುವಾಗುವಲ್ಲಿ ಇಲ್ಲದ ಇಳಿಜಾರು ಹುಟ್ಟುತ್ತದೆ.

ಪ್ರಶ್ನೆ ಭಾಗದಲ್ಲಿ ವಯನಾಡಿನ ಕಡೆಯವರೊಬ್ಬರು ಕೇಳಿದರು: "ಜೆಸಿಬಿ ತಂದು ಗುಡ್ಡೆಯನ್ನೇ ಕಡಿದು ತಟ್ಟು ಮಾಡಿದ್ದಾರಲ್ಲ ಸರ್, ಮತ್ತೆ ನಿಮ್ಮ ಅಂಕೆಗೆ ಏನರ್ಥ?" ಇವತ್ತಿನ ತೋಟಕ್ಕೆ ಅದು ಸರಿಹೋಗದು, ಅಲ್ಲಿಗೆ ಹೋಗಿ ಅಳೆಯಲೇಬೇಕು. ಆದರೆ ಈ ಹೊಸ ತೋಟದ ತಟ್ಟು ಕಡಿದದ್ದು 2000ದ ನಂತರ. ಹಾಗಾಗಿ ನನ್ನ ಕೈಯಲ್ಲಿರುವುದು ಕಡಿಯುವ ಮೊದಲಿನ ಗುಡ್ಡೆಯ ಅಳತೆ. ಚರಿತ್ರೆ ಬರೆಯುವವನಿಗೆ ಅದೂ ಚಕ್ಕುಬಂದಿಯ ಹಾಗೆ ಒಂದು ದಸ್ತಾವೇಜು.

ಕೊನೆಗೆ ನಾನು ದಿಕ್ಸೂಚಿ ಹಿಡಿದು ಹಳೆಯ ತೋಟದಲ್ಲಿ ತಗ್ಗಿನ ಕಡೆ ಮೋರೆ ಮಾಡಿ ನಿಂತೆ. ಮುಳ್ಳು ಎದುರಿನ ತೋಡನ್ನು ತೋರಿಸಿತು. ಟಿಪ್ಪಣಿಯ ಆ ಸಾಲನ್ನು ಅಲ್ಲೇ ಹೊಡೆದು ಹಾಕಿದೆ.