ಪೀಡನ-ವಿಕೃತಿ ರೇಖೆಯ ವಾಚನ: ಇತಿಹಾಸ ಮತ್ತು ವಿಧಾನ

ಲೋಹದ ಸರಳೊಂದನ್ನು ಎರಡೂ ತುದಿಗಳಲ್ಲಿ ಹಿಡಿದು ಮುರಿಯುವವರೆಗೆ ಎಳೆಯುತ್ತ, ಹೇರಿದ ಬಲಕ್ಕೆ ಅದು ಹೇಗೆ ಸ್ಪಂದಿಸಿತೆಂಬುದನ್ನು ತೋರಿಸುವ ನಕ್ಷೆಯೇ ಪೀಡನ-ವಿಕೃತಿ ರೇಖೆ. ಬಲವನ್ನು ಸರಳಿನ ಮೂಲ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು ಪೀಡನ, ಅಂದರೆ ಸ್ಟ್ರೆಸ್. ಉದ್ದದ ಹೆಚ್ಚಳವನ್ನು ಮೂಲ ಉದ್ದದಿಂದ ಭಾಗಿಸಿದಾಗ ಬರುವುದು ವಿಕೃತಿ, ಅಂದರೆ ಸ್ಟ್ರೇನ್. ಸ್ಥಿತಿಸ್ಥಾಪಕ ವಲಯ, ಯೀಲ್ಡ್ ಬಿಂದು ಮತ್ತು ಗರಿಷ್ಠ ಕರ್ಷಣ ಸಾಮರ್ಥ್ಯ ಎಂಬ ಮೂರು ಸಂಗತಿಗಳನ್ನು ಇಂದು ಒಂದೇ ರೇಖೆಯಿಂದ ಓದಲಾಗುತ್ತದೆಯಾದರೂ ಇವು ಒಟ್ಟಿಗೆ ತಿಳಿದುಬಂದವಲ್ಲ.

ಮೊದಲು ಗಮನಕ್ಕೆ ಬಂದದ್ದು ಮುರಿಯುವ ಭಾರ. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ದಂಡಗಳು ಎಷ್ಟು ಭಾರಕ್ಕೆ ಮುರಿಯುತ್ತವೆಂಬುದನ್ನು ಚರ್ಚಿಸಿದ್ದನೇ ಹೊರತು ಮುರಿಯುವ ಮೊದಲು ಅವು ಎಷ್ಟು ಹಿಗ್ಗುತ್ತವೆಂಬುದನ್ನಲ್ಲ. ಹಿಗ್ಗುವಿಕೆಯು ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಥಾಮಸ್ ಯಂಗ್ 1807ರಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಆದ ಸ್ಥಿತಿಸ್ಥಾಪಕತ್ವದ ಗುಣಾಂಕವಿದೆಯೆಂದು ವಿವರಿಸಿದನು. ಪೀಡನದ ಕಲ್ಪನೆಗೆ ಗಣಿತದ ಖಚಿತ ರೂಪ ಬಂದದ್ದು 1820ರ ದಶಕದಲ್ಲಿ, ಫ್ರಾನ್ಸಿನ ಕೋಶಿಯಿಂದ.

ಸ್ಕಾಟ್ಲೆಂಡಿನ ಡೇವಿಡ್ ಕರ್ಕಾಲ್ಡಿ ಗ್ಲಾಸ್ಗೋದಲ್ಲಿ ಮೆದುಕಬ್ಬಿಣ ಮತ್ತು ಉಕ್ಕಿನ ಮಾದರಿಗಳನ್ನು ಎಳೆದು ಪರೀಕ್ಷಿಸಿ, 1862ರಲ್ಲಿ ಫಲಿತಾಂಶಗಳನ್ನು ಗ್ರಂಥರೂಪದಲ್ಲಿ ಹೊರತಂದನು. ಮುರಿಯುವ ಭಾರವೊಂದನ್ನೇ ನೋಡಿದರೆ ಲೋಹದ ಗುಣ ತಿಳಿಯದು, ಮುರಿದೆಡೆಯಲ್ಲಿ ಅದು ಎಷ್ಟು ಸಣ್ಣಗಾಯಿತೆಂಬುದನ್ನೂ ನೋಡಬೇಕೆಂಬುದು ಅವನ ವಾದವಾಗಿತ್ತು. ಮ್ಯೂನಿಕ್‌ನ ಯೋಹಾನ್ ಬೌಷಿಂಗರ್ ಕನ್ನಡಿಗಳನ್ನು ಅಳವಡಿಸಿದ ಮಾಪಕದಿಂದ ಅತಿ ಸೂಕ್ಷ್ಮ ಹಿಗ್ಗುವಿಕೆಯನ್ನು ಅಳೆದು, ಮೊದಲು ಎಳೆಯಲ್ಪಟ್ಟ ಲೋಹವನ್ನು ಬಳಿಕ ಒತ್ತಿದರೆ ಅದರ ಸ್ಥಿತಿಸ್ಥಾಪಕ ಮಿತಿ ತಗ್ಗುತ್ತದೆಂದು 1880ರ ದಶಕದಲ್ಲಿ ತೋರಿಸಿಕೊಟ್ಟನು. ಸ್ಥಿತಿಸ್ಥಾಪಕ ಮಿತಿಯು ಲೋಹಕ್ಕೆ ಹುಟ್ಟಿನಿಂದ ಅಂಟಿಬಂದ ಅಚಲ ಸಂಖ್ಯೆಯಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಓದುವ ಕ್ರಮವನ್ನು ಕಡಿಮೆ ಇಂಗಾಲದ ಮೃದು ಉಕ್ಕಿನ ಉದಾಹರಣೆಯಿಂದ ತಿಳಿಯಬಹುದು. ಸರಳಿನ ವ್ಯಾಸ 10 ಮಿ.ಮೀ. ಇದ್ದರೆ ವಿಸ್ತೀರ್ಣ 78.5 ಚದರ ಮಿ.ಮೀ. ಆಗುತ್ತದೆ, ಹಿಗ್ಗುವಿಕೆಯನ್ನು ಅಳೆಯಲು ಗುರುತು ಮಾಡಿದ ಉದ್ದ 50 ಮಿ.ಮೀ. ಇರಲಿ. 15.7 ಕಿಲೋನ್ಯೂಟನ್ ಬಲಕ್ಕೆ ಪೀಡನ 200 ಮೆಗಾಪ್ಯಾಸ್ಕಲ್ ಆಗಿ, ಹಿಗ್ಗುವಿಕೆ 0.05 ಮಿ.ಮೀ. ಬಂದರೆ ವಿಕೃತಿ 0.001, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ 200 ಗಿಗಾಪ್ಯಾಸ್ಕಲ್ ಉಕ್ಕಿನ ಯಂಗ್ ಗುಣಾಂಕಕ್ಕೆ ಒಪ್ಪುತ್ತದೆ. ಈ ನೇರ ಭಾಗದಲ್ಲಿ ಬಲವನ್ನು ತೆಗೆದರೆ ಸರಳು ಮೊದಲಿನ ಉದ್ದಕ್ಕೇ ಮರಳುತ್ತದೆ.

ಬಲ 22.8 ಕಿಲೋನ್ಯೂಟನ್ ತಲುಪಿದಾಗ ರೇಖೆ ತಟ್ಟನೆ ಕುಸಿದು, 21.2ರ ಆಸುಪಾಸಿನಲ್ಲಿ ಬಲ ಏರದೆಯೇ ಸರಳು ಹಿಗ್ಗುತ್ತ ಹೋಯಿತೆನ್ನೋಣ. ಮೊದಲ ಶಿಖರವು ಮೇಲಿನ ಯೀಲ್ಡ್ ಬಿಂದು, ಸುಮಾರು 290 ಮೆಗಾಪ್ಯಾಸ್ಕಲ್. ಅದರ ನಂತರದ ಸಮತಟ್ಟು ಕೆಳಗಿನ ಯೀಲ್ಡ್ ಬಿಂದು, ಸುಮಾರು 270. ಉಕ್ಕಿನಲ್ಲಿರುವ ಇಂಗಾಲ ಮತ್ತು ಸಾರಜನಕದ ಪರಮಾಣುಗಳು ಹರಳಿನೊಳಗಿನ ದೋಷರೇಖೆಗಳನ್ನು ಕಟ್ಟಿಹಾಕಿರುತ್ತವೆ, ಆ ಕಟ್ಟು ಬಿಡಿಸಿಕೊಳ್ಳಲು ಹೆಚ್ಚಿನ ಬಲ ಬೇಕಾಗಿ, ಬಿಟ್ಟ ಮೇಲೆ ಕಡಿಮೆ ಸಾಕಾಗುತ್ತದೆಂದು ಕಾಟ್ರೆಲ್ ಮತ್ತು ಬಿಲ್ಬಿ 1949ರಲ್ಲಿ ವಿವರಿಸಿದರು. ಸಮತಟ್ಟು ಮುಗಿದ ಮೇಲೆ ಲೋಹ ಗಡಸಾಗುತ್ತ ರೇಖೆ ಮತ್ತೆ ಏರುತ್ತದೆ. ಬಲ 34.5 ಕಿಲೋನ್ಯೂಟನ್ ಮುಟ್ಟಿ ಇಳಿಯತೊಡಗಿದರೆ ಆ ತುದಿಯೇ ಗರಿಷ್ಠ ಸಾಮರ್ಥ್ಯ, ಸುಮಾರು 440 ಮೆಗಾಪ್ಯಾಸ್ಕಲ್. ಅಲ್ಲಿಂದ ಸರಳು ಒಂದೆಡೆ ಸೊಂಟದಂತೆ ಸಣ್ಣಗಾಗುತ್ತದೆ. ಮುಂದಿನ ಇಳಿತವು ಲೋಹ ದುರ್ಬಲವಾಯಿತೆಂಬುದರ ಸೂಚನೆಯಲ್ಲ. ಮೂಲ ವಿಸ್ತೀರ್ಣದಿಂದಲೇ ಭಾಗಿಸುತ್ತಿರುವುದರಿಂದ ಹಾಗೆ ಕಾಣುತ್ತದೆ, ಕಿರಿದಾದ ಸೊಂಟದಲ್ಲಿ ನಿಜವಾದ ಪೀಡನ ಏರುತ್ತಲೇ ಇರುತ್ತದೆ.

ಅಲ್ಯೂಮಿನಿಯಂ ಮಿಶ್ರಲೋಹಗಳ ರೇಖೆಯಲ್ಲಿ ಇಂಥ ಕುಸಿತ ಕಾಣದೆ ನೇರಭಾಗವು ಮೆಲ್ಲಗೆ ಬಾಗುತ್ತದೆ. ಆಗ 0.002 ವಿಕೃತಿಯಿಂದ ನೇರಭಾಗಕ್ಕೆ ಸಮಾಂತರವಾಗಿ ಗೆರೆ ಎಳೆದು, ಅದು ರೇಖೆಯನ್ನು ಕಡಿಯುವಲ್ಲಿನ ಪೀಡನವನ್ನು 0.2 ಶೇಕಡಾ ಪ್ರೂಫ್ ಸ್ಟ್ರೆಸ್ ಎಂದು ದಾಖಲಿಸುತ್ತಾರೆ.

ತಪ್ಪು ಹೆಚ್ಚಾಗಿ ನುಸುಳುವುದು ಹಿಗ್ಗುವಿಕೆಯ ಅಳತೆಯಲ್ಲಿ. ಸರಳಿಗೇ ಕಚ್ಚಿಸಿದ ಎಕ್ಸ್‌ಟೆನ್ಸೊಮೀಟರ್ ಬದಲು ಯಂತ್ರದ ಅಡ್ಡತೊಲೆಯ ಚಲನೆಯನ್ನೇ ಲೆಕ್ಕಕ್ಕೆ ಹಿಡಿದರೆ, ಹಿಡಿಕೆಗಳ ಜಾರಿಕೆಯೂ ಯಂತ್ರದ ಚೌಕಟ್ಟಿನ ಹಿಗ್ಗುವಿಕೆಯೂ ಸೇರಿ ನೇರಭಾಗದ ಇಳಿಜಾರು ತಗ್ಗುತ್ತದೆ. ಉಕ್ಕಿನ ಗುಣಾಂಕ 200ರ ಬದಲು ಅದಕ್ಕಿಂತ ಬಹಳ ಕಡಿಮೆ ಬಂದರೆ ದೋಷ ಅಳತೆಯಲ್ಲಿದೆಯೆಂದೇ ತಿಳಿಯಬೇಕು. ಗರಿಷ್ಠ ಸಾಮರ್ಥ್ಯಕ್ಕೆ ಬಲದ ಅಳತೆ ಮತ್ತು ವಿಸ್ತೀರ್ಣ ಮಾತ್ರ ಬೇಕಾಗುವುದರಿಂದ ಈ ದೋಷ ಅದನ್ನು ಕೆಡಿಸುವುದಿಲ್ಲ. ಮೇಲಿನ ಯೀಲ್ಡ್ ಬಿಂದು ಎಳೆಯುವ ವೇಗಕ್ಕೂ ಹಿಡಿಕೆಯ ನೇರಕ್ಕೂ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ವರದಿಯಲ್ಲಿ ಬರೀ ಯೀಲ್ಡ್ ಎಂದು ಬರೆಯದೆ, ಅದು ಮೇಲಿನದೋ ಕೆಳಗಿನದೋ ಪ್ರೂಫ್ ಸ್ಟ್ರೆಸ್ಸೋ ಎಂಬುದನ್ನು ಸ್ಪಷ್ಟಪಡಿಸಬೇಕು.