ಸಾಲಾವಳಿ

ಸಾಲಾವಳಿ ಎಂದರೆ ವಿವಾಹ ನಿಶ್ಚಯಕ್ಕೆ ಮೊದಲು ವಧೂವರರ ಜನ್ಮನಕ್ಷತ್ರ ಮತ್ತು ರಾಶಿಗಳನ್ನು ಹೋಲಿಸಿ, ಅವರ ದಾಂಪತ್ಯ ಹೇಗಿರುವುದೆಂದು ಅಂಕಗಳ ಮೂಲಕ ಹೇಳುವ ಜ್ಯೋತಿಷ ಪದ್ಧತಿ. ಜಾತಕ ಹೊಂದಾಣಿಕೆ, ಕೂಟ ನೋಡುವುದು ಎಂಬ ಹೆಸರುಗಳೂ ಇದಕ್ಕೆ ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಎಂಟು ಕೂಟಗಳ ಪದ್ಧತಿಯೂ ದಕ್ಷಿಣ ಭಾರತದ ಹತ್ತು ಕೂಟಗಳ ಪದ್ಧತಿಯೂ ರೂಢಿಯಲ್ಲಿವೆ. ಈ ಲೇಖನವು ಮುಖ್ಯವಾಗಿ ಎಂಟು ಕೂಟಗಳ ಪದ್ಧತಿಯನ್ನು, ಅಂದರೆ ಅಷ್ಟಕೂಟವನ್ನು ವಿವರಿಸುತ್ತದೆ. ಹಿಂದೂ ವಿವಾಹ ಕಾಯ್ದೆ, 1955ರಲ್ಲಿ ವಿವಾಹಕ್ಕೆ ವಿಧಿಸಿರುವ ಷರತ್ತುಗಳಲ್ಲಿ ಜಾತಕದ ಪ್ರಸ್ತಾಪವಿಲ್ಲ.

## ಲೆಕ್ಕದ ಆಧಾರ

ಸಾಲಾವಳಿಯ ಲೆಕ್ಕವೆಲ್ಲ ಚಂದ್ರನ ಸ್ಥಾನವನ್ನು ಅವಲಂಬಿಸಿದೆ. ಆಕಾಶದಲ್ಲಿ ಚಂದ್ರನು ಸಾಗುವ 360 ಅಂಶಗಳ ದಾರಿಯನ್ನು 27 ನಕ್ಷತ್ರಗಳಾಗಿ ವಿಭಾಗಿಸಲಾಗಿದೆ. ಒಂದೊಂದು ನಕ್ಷತ್ರದ ವ್ಯಾಪ್ತಿ 13 ಅಂಶ 20 ಕಲೆ. ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದಗಳಿದ್ದು, ಒಂಬತ್ತು ಪಾದಗಳು ಸೇರಿ ಒಂದು ರಾಶಿಯಾಗುತ್ತದೆ. ಮಗು ಹುಟ್ಟಿದಾಗ ಚಂದ್ರನು ಯಾವ ನಕ್ಷತ್ರದಲ್ಲಿರುವನೋ ಅದೇ ಅದರ ಜನ್ಮನಕ್ಷತ್ರ.

ಚಂದ್ರನು ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಹಿಡಿಯುತ್ತದೆ. ಆದುದರಿಂದ ಆ ಅವಧಿಯಲ್ಲಿ ಹುಟ್ಟಿದ ಎಲ್ಲ ಮಕ್ಕಳ ಜನ್ಮನಕ್ಷತ್ರ ಒಂದೇ ಆಗಿರುತ್ತದೆ. ಭಾರತದಲ್ಲಿ ದಿನವೊಂದಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಅಷ್ಟಕೂಟದ ದೃಷ್ಟಿಯಲ್ಲಿ ಅವರೆಲ್ಲರೂ ಬಹುಮಟ್ಟಿಗೆ ಒಂದೇ ಬಗೆಯ ವಧು ಅಥವಾ ವರ.

## ಎಂಟು ಕೂಟಗಳು

ಕೂಟಗಳು ಎಂಟು: ವರ್ಣ, ವಶ್ಯ, ತಾರಾ, ಯೋನಿ, ಗ್ರಹಮೈತ್ರಿ, ಗಣ, ರಾಶಿ ಮತ್ತು ನಾಡಿ. ಇವುಗಳಿಗೆ ಕ್ರಮವಾಗಿ ಒಂದರಿಂದ ಎಂಟರವರೆಗೆ ಗುಣಗಳು, ಅಂದರೆ ಅಂಕಗಳು ಸಲ್ಲುತ್ತವೆ. ಒಟ್ಟು 36 ಗುಣಗಳಲ್ಲಿ 18 ಬಂದರೆ ವಿವಾಹ ಮಾಡಬಹುದೆಂಬುದು ರೂಢಿ. ಗಣಕೂಟವು ನಕ್ಷತ್ರಗಳನ್ನು ದೇವ, ಮನುಷ್ಯ, ರಾಕ್ಷಸ ಎಂದು ವಿಂಗಡಿಸಿ ಸ್ವಭಾವಗಳ ಹೊಂದಾಣಿಕೆಯನ್ನು ಹೇಳುತ್ತದೆ. ರಾಶಿಕೂಟವು ದಂಪತಿಗಳ ಸುಖ, ಸಂಪತ್ತುಗಳನ್ನು ಕುರಿತದ್ದು. ಅತಿ ಹೆಚ್ಚು ಅಂಕಗಳಿರುವ ನಾಡಿಕೂಟವು ಆರೋಗ್ಯ ಮತ್ತು ಸಂತಾನಕ್ಕೆ ಸಂಬಂಧಿಸಿದ್ದೆಂದು ನಂಬಲಾಗಿದೆ.

ನಾಡಿಕೂಟದಲ್ಲಿ 27 ನಕ್ಷತ್ರಗಳನ್ನು ಆದಿ, ಮಧ್ಯ, ಅಂತ್ಯ ಎಂಬ ಮೂರು ನಾಡಿಗಳಲ್ಲಿ ಒಂಬತ್ತೊಂಬತ್ತರಂತೆ ಹಂಚಲಾಗಿದೆ. ವಧೂವರರ ನಾಡಿ ಬೇರೆಯಾಗಿದ್ದರೆ 8 ಗುಣಗಳು, ಒಂದೇ ಆಗಿದ್ದರೆ ಸೊನ್ನೆ. ಹೀಗಾಗಿ ಯಾವುದೇ ಇಬ್ಬರನ್ನು ಗೊತ್ತುಗುರಿಯಿಲ್ಲದೆ ಆರಿಸಿದರೂ ಮೂರರಲ್ಲಿ ಒಂದು ಜೋಡಿಗೆ ನಾಡಿದೋಷ ಬಂದೇ ಬರುತ್ತದೆ. ರಾಶಿಕೂಟದಲ್ಲಿ 2–12, 5–9, 6–8 ಎಂಬ ಅಂತರಗಳು ದೋಷವೆನಿಸುವುದರಿಂದ ಹನ್ನೆರಡು ಸಾಧ್ಯತೆಗಳಲ್ಲಿ ಆರು ತಿರಸ್ಕೃತವಾಗುತ್ತವೆ. ಇಷ್ಟೊಂದು ಸಂಬಂಧಗಳು ಕೂಡದಿರುವುದು ಆ ವ್ಯಕ್ತಿಗಳ ಗುಣದೋಷದಿಂದಲ್ಲ, ವಿಂಗಡಣೆಯ ಗಣಿತದಿಂದ. ಇದನ್ನು ಸಡಿಲಿಸಲೆಂದೇ ಪರಿಹಾರದ ನಿಯಮಗಳು ಹಲವು ಇವೆ.

## ಒಂದು ಉದಾಹರಣೆ

ವಧುವಿನ ನಕ್ಷತ್ರ ಪುನರ್ವಸು ಎರಡನೆಯ ಪಾದ, ರಾಶಿ ಮಿಥುನ ಎಂದಿಟ್ಟುಕೊಳ್ಳೋಣ. ವರನು ಕನ್ಯಾ ರಾಶಿಯವನು. ಅವನ ಜನನಕಾಲದಲ್ಲಿ ಚಂದ್ರನು ಹಸ್ತಾ ನಕ್ಷತ್ರದ ಕೊನೆಯಲ್ಲಿದ್ದು, ಇನ್ನೆರಡು ಗಂಟೆಗಳಲ್ಲಿ ಚಿತ್ತಾ ನಕ್ಷತ್ರವನ್ನು ಪ್ರವೇಶಿಸಲಿದ್ದನು. ಸಾಮಾನ್ಯವಾಗಿ ಬಳಸುವ ಕೋಷ್ಟಕದಂತೆ ವರನನ್ನು ಹಸ್ತಾ ಎಂದೂ ಚಿತ್ತಾ ಎಂದೂ ತೆಗೆದುಕೊಂಡಾಗ ಬರುವ ಗುಣಗಳು ಹೀಗಿವೆ:

| ಕೂಟ | ವರ ಹಸ್ತಾ ಆದರೆ | ವರ ಚಿತ್ತಾ ಆದರೆ |
|---|---|---|
| ವರ್ಣ | 1 | 1 |
| ವಶ್ಯ | 2 | 2 |
| ತಾರಾ | 1½ | 1½ |
| ಯೋನಿ | 2 | 1 |
| ಗ್ರಹಮೈತ್ರಿ | 5 | 5 |
| ಗಣ | 6 | 0 |
| ರಾಶಿ | 7 | 7 |
| ನಾಡಿ | 0 | 8 |
| ಒಟ್ಟು | 24½ | 25½ |

ಎರಡರಲ್ಲಿಯೂ ಒಟ್ಟು ಗುಣ 18ನ್ನು ಮೀರಿದೆ. ಆದರೆ ಹೇಳುವ ಭವಿಷ್ಯ ಬೇರೆ ಬೇರೆ. ಹಸ್ತಾ ಆದರೆ ಇಬ್ಬರದೂ ದೇವಗಣ, ಸ್ವಭಾವಗಳು ಚೆನ್ನಾಗಿ ಹೊಂದುತ್ತವೆ. ಆದರೆ ಇಬ್ಬರದೂ ಆದಿನಾಡಿಯಾದ್ದರಿಂದ ಸಂತಾನಕ್ಕೆ ತೊಂದರೆ. ಚಿತ್ತಾ ಆದರೆ ನಾಡಿದೋಷ ಇಲ್ಲವಾಗುತ್ತದೆ. ಆದರೆ ವರನು ರಾಕ್ಷಸಗಣದವನಾಗಿ ಸ್ವಭಾವಗಳಲ್ಲಿ ವಿರೋಧ ಉಂಟಾಗುತ್ತದೆ. ಕೆಲವು ಕೋಷ್ಟಕಗಳು ಇಂಥ ಗಣಕ್ಕೆ 0ಯ ಬದಲು 1 ಕೊಡುತ್ತವೆ. ಮಿಥುನ, ಕನ್ಯಾ ಎರಡಕ್ಕೂ ಬುಧನೇ ಅಧಿಪತಿಯಾದ್ದರಿಂದ ನಾಡಿದೋಷ ಪರಿಹಾರವಾಯಿತೆನ್ನುವ ಜೋಯಿಸರೂ ಉಂಟು.

ವರನ ನಕ್ಷತ್ರ ಯಾವುದೆಂಬುದು ಗಡಿಯಾರವನ್ನಷ್ಟೇ ಅಲ್ಲ, ಪಂಚಾಂಗವನ್ನೂ ಅವಲಂಬಿಸಿದೆ. ರಾಶಿಚಕ್ರದ ಆರಂಭಬಿಂದುವನ್ನು ನಿರ್ಧರಿಸುವ ಅಯನಾಂಶದ ವಿಷಯದಲ್ಲಿ ಜ್ಯೋತಿಷಿಗಳಲ್ಲಿ ಒಮ್ಮತವಿಲ್ಲ. ಹೆಚ್ಚು ಬಳಕೆಯಲ್ಲಿರುವ ಲಾಹಿರಿ ಅಯನಾಂಶಕ್ಕೂ ಬೆಂಗಳೂರಿನ ಜ್ಯೋತಿಷಿ ಬಿ. ವಿ. ರಾಮನ್ ಪ್ರತಿಪಾದಿಸಿದ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದಷ್ಟು ವ್ಯತ್ಯಾಸವಿದೆ. ಚಂದ್ರನು ಈ ದೂರವನ್ನು ಸಾಗಲು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಬೇಕು. ಮೇಲಿನ ಉದಾಹರಣೆಯ ವರನು ಮೊದಲನೆಯ ಲೆಕ್ಕದಲ್ಲಿ ಹಸ್ತಾ, ಎರಡನೆಯದರಲ್ಲಿ ಚಿತ್ತಾ. ಹತ್ತು ಜನರಲ್ಲಿ ಸುಮಾರು ಒಬ್ಬರ ಜನ್ಮನಕ್ಷತ್ರ ಹೀಗೆ ಲೆಕ್ಕದ ಕ್ರಮಕ್ಕೆ ತಕ್ಕಂತೆ ಬದಲಾಗುತ್ತದೆ.

## ಕುಟುಂಬಗಳಲ್ಲಿ ಬಳಕೆ

ಹಿರಿಯರು ನಿಶ್ಚಯಿಸುವ ಮದುವೆಗಳಲ್ಲಿ ಸಾಲಾವಳಿಯು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಮೊದಲೇ ನಡೆಯುವುದು ವಾಡಿಕೆ. ವರನ ಕಡೆಯವರೂ ವಧುವಿನ ಕಡೆಯವರೂ ಜಾತಕದ ಪ್ರತಿಗಳನ್ನು ವಿನಿಮಯ ಮಾಡಿಕೊಂಡು ತಮ್ಮ ತಮ್ಮ ಪುರೋಹಿತರಲ್ಲಿ ತೋರಿಸುತ್ತಾರೆ. ಇತ್ತೀಚೆಗೆ ವಧೂವರಾನ್ವೇಷಣೆಯ ಜಾಲತಾಣಗಳು ಈ ಅಂಕಗಳನ್ನು ತಾವೇ ಎಣಿಸಿ ಕೊಡುತ್ತವೆ. ಜನನಸಮಯ ತಿಳಿಯದಿದ್ದಲ್ಲಿ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರವನ್ನು ಊಹಿಸಿ ಹೆಸರುಬಲ ನೋಡುವುದುಂಟು. ಜಾತಕವನ್ನು ಬದಿಗಿಟ್ಟು ದೇವಸ್ಥಾನದಲ್ಲಿ ಹೂಪ್ರಸಾದ ಕೇಳಿ ಮುಂದುವರಿಯುವ ಕುಟುಂಬಗಳೂ ಇವೆ.

ಸಾಲಾವಳಿಗೆ ಒಂದು ಸಾಮಾಜಿಕ ಉಪಯೋಗವೂ ಇದೆ. ವರದಕ್ಷಿಣೆ, ಬಣ್ಣ, ಸಂಬಳ ಮುಂತಾದ ಕಾರಣಗಳಿಂದ ಸಂಬಂಧ ಬೇಡವೆನಿಸಿದಾಗ “ಜಾತಕ ಕೂಡಿ ಬರಲಿಲ್ಲ” ಎಂಬ ಒಂದು ಮಾತು ಎರಡೂ ಕಡೆಯವರ ಮರ್ಯಾದೆಯನ್ನು ಉಳಿಸುತ್ತದೆ. ಬೇಕೆನಿಸಿದ ಸಂಬಂಧಕ್ಕೆ ಜಾತಕ ಅಡ್ಡಬಂದರೆ ಇನ್ನೊಬ್ಬ ಜೋಯಿಸರಲ್ಲಿ ತೋರಿಸುವುದು, ಶಾಂತಿ ಮಾಡಿಸುವುದು, ಜನನಸಮಯವನ್ನೇ ತಿದ್ದಿದ ಜಾತಕ ಬರೆಯಿಸುವುದು ನಡೆದುಬಂದಿದೆ.

## ವಧುವಿನ ಮೇಲಿನ ದೋಷಗಳು

ಕೂಟಗಳ ಲೆಕ್ಕ ಇಬ್ಬರಿಗೂ ಸಂಬಂಧಿಸಿದ್ದಾದರೂ ಕೆಲವು ನಕ್ಷತ್ರದೋಷಗಳನ್ನು ಹೆಚ್ಚಾಗಿ ಹೆಣ್ಣಿನ ಜಾತಕದಲ್ಲಿಯೇ ಹುಡುಕಲಾಗುತ್ತದೆ. ಮೂಲಾ ನಕ್ಷತ್ರದ ಹೆಣ್ಣಿನಿಂದ ಮಾವನಿಗೆ, ಆಶ್ಲೇಷಾ ನಕ್ಷತ್ರದವಳಿಂದ ಅತ್ತೆಗೆ, ಜ್ಯೇಷ್ಠಾ ನಕ್ಷತ್ರದವಳಿಂದ ಭಾವನಿಗೆ, ವಿಶಾಖಾ ನಕ್ಷತ್ರದವಳಿಂದ ಮೈದುನನಿಗೆ ಕೇಡು ಎಂಬ ನಂಬಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಈ ನಾಲ್ಕು ನಕ್ಷತ್ರಗಳಲ್ಲಿ ಹುಟ್ಟುವವರು ಸುಮಾರು ಏಳರಲ್ಲಿ ಒಬ್ಬರು. ಅತ್ತೆಯಿಲ್ಲದ ಮನೆ, ಮೈದುನನಿಲ್ಲದ ಮನೆ ಹುಡುಕುತ್ತ ಇಂಥ ಹೆಣ್ಣುಮಕ್ಕಳ ಮದುವೆ ವರ್ಷಗಟ್ಟಲೆ ಮುಂದೆ ಹೋಗುವುದುಂಟು.

ಕುಜದೋಷವು ಇನ್ನೊಂದು. ದಕ್ಷಿಣದ ಪದ್ಧತಿಯಲ್ಲಿ ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಹನ್ನೆರಡರಲ್ಲಿ ಐದು ಮನೆಗಳು ಇದರಲ್ಲಿ ಸೇರಿರುವುದರಿಂದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜಾತಕಗಳು ದೋಷಯುಕ್ತವಾಗುತ್ತವೆ. 2023ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಅತ್ಯಾಚಾರ ಪ್ರಕರಣವೊಂದರ ಜಾಮೀನು ಅರ್ಜಿಯ ವಿಚಾರಣೆಯಲ್ಲಿ ದೂರುದಾರಳಿಗೆ ಕುಜದೋಷವಿದೆಯೇ ಎಂದು ಪರಿಶೀಲಿಸಲು ಲಕ್ನೋ ವಿಶ್ವವಿದ್ಯಾಲಯದ ಜ್ಯೋತಿಷ ವಿಭಾಗಕ್ಕೆ ಸೂಚಿಸಿತ್ತು. ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಂಡು ತಡೆಹಿಡಿಯಿತು.

## ಪರೀಕ್ಷೆಗಳು ಮತ್ತು ಅವುಗಳ ಮಿತಿ

ಜಾತಕ ಕೂಡಿಸಿ ಮಾಡಿದ ಮದುವೆಗಳು ಬಾಳಿವೆಯೆಂಬುದೇ ಸಾಕ್ಷ್ಯವಾಗದು. ಜಾತಕ ನೋಡುವ ಕುಟುಂಬಗಳಲ್ಲಿ ಹಿರಿಯರ ಬೆಂಬಲವೂ ವಿಚ್ಛೇದನದ ಬಗ್ಗೆ ಅಂಜಿಕೆಯೂ ಹೆಚ್ಚಾಗಿರುತ್ತವೆ. ಮದುವೆ ಉಳಿದುದಕ್ಕೆ ಅವೇ ಕಾರಣವಾಗಿರಬಹುದು. ನ್ಯಾಯವಾದ ಪರೀಕ್ಷೆಗೆ ಜಾತಕವನ್ನೇ ನೋಡದೆ ಮದುವೆಯಾದ ಸಾವಿರಾರು ದಂಪತಿಗಳ ಗುಣಗಳನ್ನು ಅನಂತರ ಎಣಿಸಿ, ಹೆಚ್ಚು ಗುಣ ಬಂದವರಲ್ಲಿ ವಿಚ್ಛೇದನ ಕಡಿಮೆಯೇ ಎಂದು ನೋಡಬೇಕಾಗುತ್ತದೆ.

ಇದೇ ಕ್ರಮದ ಅಧ್ಯಯನಗಳು ಪಾಶ್ಚಾತ್ಯ ಸೂರ್ಯರಾಶಿಗಳ ಮೇಲೆ ನಡೆದಿವೆ. 1971ರಲ್ಲಿ ಬರ್ನಾರ್ಡ್ ಸಿಲ್ವರ್‌ಮನ್ ಅವರು ಅಮೆರಿಕದ ಮಿಷಿಗನ್ ರಾಜ್ಯದ 2,978 ವಿವಾಹಗಳನ್ನೂ 478 ವಿಚ್ಛೇದನಗಳನ್ನೂ ಪರಿಶೀಲಿಸಿದರು. ಜ್ಯೋತಿಷಿಗಳು ಹೊಂದುತ್ತವೆಂದ ರಾಶಿಗಳ ದಂಪತಿಗಳಿಗೂ ಹೊಂದುವುದಿಲ್ಲವೆಂದ ರಾಶಿಗಳವರಿಗೂ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಡೇವಿಡ್ ವೋಆಸ್ ಅವರು 2001ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯ ಒಂದು ಕೋಟಿಗೂ ಹೆಚ್ಚು ದಂಪತಿಗಳ ಮಾಹಿತಿಯಲ್ಲಿಯೂ ರಾಶಿಗಳ ಪ್ರಭಾವವನ್ನು ಕಾಣಲಿಲ್ಲ. ಇವು ಚಂದ್ರನಕ್ಷತ್ರದ ಪರೀಕ್ಷೆಗಳಲ್ಲವೆಂಬುದನ್ನು ನೆನಪಿಡಬೇಕು.

ಭಾರತೀಯ ಜಾತಕಗಳನ್ನು ಬಳಸಿದ ಪರೀಕ್ಷೆಯೊಂದನ್ನು ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ನಡೆಸಿ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿಭಾವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕಗಳನ್ನು ಕೊಟ್ಟು ಬೇರ್ಪಡಿಸಲು ಕೇಳಲಾಯಿತು. ಉತ್ತರ ಕಳುಹಿಸಿದ 27 ಜ್ಯೋತಿಷಿಗಳ ಸರಾಸರಿ ಯಶಸ್ಸು ಶೇಕಡಾ 46. ನಾಣ್ಯ ಚಿಮ್ಮಿದರೆ ಸಿಗಬೇಕಾದದ್ದು 50. ಇದು ದಾಂಪತ್ಯವನ್ನಲ್ಲ, ಜಾತಕದಿಂದ ವ್ಯಕ್ತಿಯನ್ನು ಅರಿಯಬಹುದೆಂಬ ಮೂಲ ಪ್ರತಿಪಾದನೆಯನ್ನು ಪರೀಕ್ಷಿಸಿತು.

## ನಾಡಿದೋಷ ಮತ್ತು ವೈದ್ಯಕೀಯ ಪರೀಕ್ಷೆ

ನಾಡಿ ಎಂದರೆ ರಕ್ತದ ಗುಂಪು, ಒಂದೇ ಗುಂಪಿನವರು ಮದುವೆಯಾಗಬಾರದೆಂಬುದೇ ಇದರ ಅರ್ಥ ಎಂಬ ವಿವರಣೆ ಈಗ ಪ್ರಚಲಿತವಾಗಿದೆ. ಇದು ಸರಿಯಲ್ಲ. ರಕ್ತದ ಗುಂಪು ತಂದೆತಾಯಿಗಳಿಂದ ಬರುತ್ತದೆ, ಹುಟ್ಟಿದ ದಿನದಿಂದಲ್ಲ. ದಂಪತಿಗಳ ಗುಂಪು ಒಂದೇ ಆಗಿರುವುದರಿಂದ ತೊಂದರೆಯೂ ಇಲ್ಲ. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆದಾಗ ತೊಂದರೆ ಬರಬಹುದು. ಅದನ್ನು ಸಕಾಲದ ಚುಚ್ಚುಮದ್ದಿನಿಂದ ತಡೆಯಬಹುದು. ಥಲಸ್ಸೀಮಿಯಾದಂತಹ ರೋಗದಲ್ಲಿ ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ವಾಹಕರು ನೋಡಲು ಆರೋಗ್ಯವಂತರೇ ಆಗಿರುವುದರಿಂದ ರಕ್ತಪರೀಕ್ಷೆಯೊಂದೇ ಅದನ್ನು ತಿಳಿಸಬಲ್ಲದು.

ಇಂತಹ ರೋಗಗಳ ಅಪಾಯವನ್ನು ಹೆಚ್ಚಿಸುವುದು ಹತ್ತಿರದ ರಕ್ತಸಂಬಂಧ. ಆದರೆ ಕರ್ನಾಟಕದಲ್ಲಿ ಸೋದರಮಾವನೊಡನೆ ಅಥವಾ ಸೋದರತ್ತೆಯ ಮಗನೊಡನೆ ಮದುವೆ ಮಾಡುವಾಗ ‘ಇದು ಸಂಬಂಧದೊಳಗಿನದು’ ಎಂದು ಸಾಲಾವಳಿಯನ್ನೇ ನೋಡದ ಕುಟುಂಬಗಳು ಎಷ್ಟೋ ಇವೆ. ಸಂತಾನದ ಹಿತಕ್ಕಾಗಿ ಎಂಟು ಗುಣಗಳನ್ನು ಮೀಸಲಿಟ್ಟ ಪದ್ಧತಿ, ಸಂತಾನದ ಆರೋಗ್ಯವನ್ನು ನಿಜವಾಗಿ ಪರಿಶೀಲಿಸಬೇಕಾದ ಸಂದರ್ಭದಲ್ಲಿ ಬಳಕೆಗೇ ಬರುವುದಿಲ್ಲ.